ಹನ್ನೊಂದು ತಿಂಗಳ ಬಾಡಿಗೆ ಕರಾರು: ಲಾಕ್-ಇನ್ ಮುಗಿಯುವ ದಿನ ಮತ್ತು ನೋಟಿಸ್ ಶುರುವಾಗುವ ದಿನ

ಶೈಲಜಾ, ಧಾರವಾಡ

ಎಲ್ಲರಿಗೂ ನಮಸ್ಕಾರ. ಸಪ್ತಾಪುರದಲ್ಲಿ ಒಂದು ಮನೆ ನೋಡಿದ್ದೇವೆ. ಬಾಡಿಗೆ ತಿಂಗಳಿಗೆ 11,000 ರೂಪಾಯಿ, ಡಿಪಾಜಿಟ್ 66,000 ರೂಪಾಯಿ, ಕರಾರು ಜೂನ್ 1ರಿಂದ ಏಪ್ರಿಲ್ 30ರವರೆಗೆ ಹನ್ನೊಂದು ತಿಂಗಳು. ಮಾಲೀಕರು ಹಿರಿಯರು, ಮಾತಿನಲ್ಲಿ ಸಜ್ಜನರು. ಸ್ಟಾಂಪ್ ಮಾರುವವರ ಬಳಿ ಕರಡನ್ನು ಟೈಪ್ ಮಾಡಿಸಿ ನನಗೆ ಕಳುಹಿಸಿದ್ದಾರೆ. ಯಜಮಾನರದ್ದು ವರ್ಗಾವಣೆಯ ನೌಕರಿ, ದೀಪಾವಳಿಯ ನಂತರ ಯಾವಾಗ ಬೇಕಾದರೂ ಆದೇಶ ಬರಬಹುದು. ಆದ್ದರಿಂದ ಕೆಳಗಿನ ನಾಲ್ಕು ಕಲಮುಗಳನ್ನು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ಕಲಂ 5: "ಮೊದಲ ಆರು ತಿಂಗಳು ಲಾಕ್-ಇನ್ ಅವಧಿಯಾಗಿದ್ದು, ಸದರಿ ಅವಧಿಯಲ್ಲಿ ಬಾಡಿಗೆದಾರರು ಮನೆ ಬಿಡತಕ್ಕದ್ದಲ್ಲ. ಬಿಟ್ಟಲ್ಲಿ ಡಿಪಾಜಿಟ್ ಹಣವನ್ನು ಪೂರ್ತಿ ಮುಟ್ಟುಗೋಲು ಹಾಕಿಕೊಳ್ಳಲಾಗುವುದು."

ಕಲಂ 6: "ಲಾಕ್-ಇನ್ ಅವಧಿ ಮುಗಿದ ನಂತರ ಬಾಡಿಗೆದಾರರು ಎರಡು ತಿಂಗಳ ನೋಟಿಸ್ ಕೊಟ್ಟು ಮನೆ ಬಿಡಬಹುದು. ಮಾಲೀಕರು ಯಾವಾಗ ಬೇಕಾದರೂ ಒಂದು ತಿಂಗಳ ನೋಟಿಸ್ ಕೊಟ್ಟು ಮನೆ ಬಿಡಿಸಿಕೊಳ್ಳಬಹುದು."

ಕಲಂ 8: "ಮನೆಯ ಸಣ್ಣಪುಟ್ಟ ರಿಪೇರಿಗಳು ಬಾಡಿಗೆದಾರರಿಗೆ ಸೇರಿದ್ದು."

ಕಲಂ 9: "ಮನೆ ಖಾಲಿ ಮಾಡಿದ ನಂತರ ಬಣ್ಣ, ರಿಪೇರಿ ಹಾಗೂ ಇತರ ಬಾಕಿಗಳನ್ನು ಕಳೆದು, ಉಳಿದ ಡಿಪಾಜಿಟ್ ಹಣವನ್ನು ಮರಳಿಸಲಾಗುವುದು."

ನವೆಂಬರ್ ಕೊನೆಗೆ ಆರು ತಿಂಗಳು ತುಂಬುತ್ತದೆ. ಅಂದು ಮನೆ ಬಿಡಬಹುದೇ, ಇಲ್ಲವೇ? ಮಾಲೀಕರ ಮನಸ್ಸು ನೋಯಿಸದೆ ಯಾವ ಮಾತನ್ನು ತಿದ್ದಿಸಿಕೊಳ್ಳಬೇಕು? ಈ ವಿಷಯದಲ್ಲಿ ಪಳಗಿದವರು ದಯವಿಟ್ಟು ತಿಳಿಸಿ.

ಬಸವರಾಜ, ಗೋಕುಲ ರಸ್ತೆ

ಶೈಲಜಾ ಮೇಡಂ, ನೀವು ಸುಮ್ಮನೆ ಚಿಂತೆ ಮಾಡುತ್ತಿದ್ದೀರಿ. ಹನ್ನೊಂದು ತಿಂಗಳ ಕರಾರು ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗುವುದಿಲ್ಲ. ನೋಂದಣಿಯಾಗದ ಕಾಗದಕ್ಕೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಹಾಗಾಗಿ ಲಾಕ್-ಇನ್ ಎಂಬುದು ಬರೀ ಹೆದರಿಕೆಯ ಮಾತು. ತಿಂಗಳ ಬಾಡಿಗೆಗೆ ಇರುವವರು ಹದಿನೈದು ದಿನದ ನೋಟಿಸ್ ಕೊಟ್ಟರೆ ಸಾಕು ಎಂದು ಕಾನೂನಿನಲ್ಲಿಯೇ ಇದೆ. ಸಹಿ ಹಾಕಿ, ಬೇಕಾದಾಗ ಹದಿನೈದು ದಿನ ಮೊದಲು ಹೇಳಿ ಹೊರಡಿ.

ಮಾಳಮಡ್ಡಿ ವಕೀಲರು

ಬಸವರಾಜ ಅವರ ಮಾತಿನಲ್ಲಿ ಎರಡು ನಿಜಗಳಿವೆ, ಆದರೆ ಅವರು ಅವುಗಳಿಂದ ಹೊರಡಿಸಿದ ತೀರ್ಮಾನ ಮಾತ್ರ ಉಲ್ಟಾ. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಒಂದು ವರ್ಷ ಮೀರಿದ ಗೇಣಿ ಪತ್ರಕ್ಕೆ ನೋಂದಣಿ ಕಡ್ಡಾಯ. ನಮ್ಮ ಜನ ಹನ್ನೊಂದು ತಿಂಗಳಿಗೆ ನಿಲ್ಲಿಸುವುದು ಅದೇ ಕಾರಣಕ್ಕೆ. ಆದರೆ ನೋಂದಣಿ ಕಡ್ಡಾಯವಲ್ಲದ ಪತ್ರವನ್ನು ನೋಂದಾಯಿಸದೆ ಇದ್ದರೆ ಅದು ಬೆಲೆ ಕಳೆದುಕೊಳ್ಳುವುದಿಲ್ಲ. ಅದರ ಷರತ್ತುಗಳು ಎರಡೂ ಕಡೆಯವರಿಗೆ ಅಂಟಿಕೊಂಡೇ ಇರುತ್ತವೆ. ನ್ಯಾಯಾಲಯದಲ್ಲಿ ಇಂಥ ಪತ್ರಗಳು ಮುಗ್ಗರಿಸುವುದು ಸ್ಟಾಂಪಿನಲ್ಲಿ. ಸಾಕಷ್ಟು ಮುದ್ರಾಂಕ ಶುಲ್ಕ ಕಟ್ಟದ ಪತ್ರವನ್ನು ಸಾಕ್ಷ್ಯವಾಗಿ ಹಾಜರುಪಡಿಸಬೇಕೆಂದರೆ, ಕರ್ನಾಟಕ ಮುದ್ರಾಂಕ ಕಾಯ್ದೆಯ 34ನೇ ಕಲಮಿನಂತೆ ಕೊರತೆಯ ಶುಲ್ಕವನ್ನೂ ಅದರ ಹತ್ತು ಪಟ್ಟು ದಂಡವನ್ನೂ ಕಟ್ಟಬೇಕಾಗುತ್ತದೆ. ಆದ್ದರಿಂದ ಇ-ಸ್ಟಾಂಪ್ ತೆಗೆಸುವಾಗ ಬಾಡಿಗೆಯ ಮೊತ್ತದ ಜೊತೆಗೆ ಡಿಪಾಜಿಟ್ ಎಷ್ಟು ಎಂಬುದನ್ನೂ ಹೇಳಿ, ಅದಕ್ಕೆ ತಕ್ಕ ಶುಲ್ಕ ಕಟ್ಟಿಸಿ. ನೋಟರಿಯ ಮೊಹರು ಹಾಕಿಸಿದರೆ ಈ ಕೊರತೆ ತುಂಬುವುದಿಲ್ಲ.

ಇನ್ನು ಹದಿನೈದು ದಿನದ ಮಾತು. ಅದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಂ. ಆ ಕಲಂ ಆರಂಭವಾಗುವುದೇ "ಬೇರೆ ಕರಾರು ಇಲ್ಲದಿದ್ದರೆ" ಎಂಬ ಅರ್ಥದ ಮಾತಿನಿಂದ. ಇಲ್ಲಿ ಎರಡು ತಿಂಗಳು ಎಂದು ಬರೆದು ಸಹಿ ಮಾಡಿದ ಮೇಲೆ ಹದಿನೈದು ದಿನ ಎನ್ನಲು ಬರುವುದಿಲ್ಲ. ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆಯನ್ನು ನಂಬುವಂತೆಯೂ ಇಲ್ಲ. ಅದು ಪ್ರದೇಶಕ್ಕೆ ತಕ್ಕಂತೆ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ, ಶೈಲಜಾ ಅವರದ್ದು 11,000. ಅಂದರೆ ಈ ನಾಲ್ಕು ಹಾಳೆಯಲ್ಲಿ ಏನು ಬರೆದಿದೆಯೋ ಬಹುಮಟ್ಟಿಗೆ ಅದೇ ನಿಮ್ಮಿಬ್ಬರ ಕಾನೂನು.

ಈಗ ಅವರು ಕೇಳಿದ ಪ್ರಶ್ನೆ. ಕರಡಿನ ಪ್ರಕಾರ ನವೆಂಬರ್ 30ಕ್ಕೆ ಮನೆ ಬಿಡಲು ಬರುವುದಿಲ್ಲ. ಕಲಂ 6 "ಲಾಕ್-ಇನ್ ಅವಧಿ ಮುಗಿದ ನಂತರ" ನೋಟಿಸ್ ಕೊಡಬೇಕು ಎನ್ನುತ್ತದೆ. ಹಾಗಾದರೆ ಮೊದಲ ನೋಟಿಸ್ ಡಿಸೆಂಬರ್ 1ಕ್ಕೆ, ಎರಡು ತಿಂಗಳು ತುಂಬುವುದು ಜನವರಿ 31ಕ್ಕೆ. ಆರು ತಿಂಗಳ ಲಾಕ್-ಇನ್ ಎಂದುಕೊಂಡು ಸಹಿ ಹಾಕಿದ್ದು ನಿಜವಾಗಿ ಎಂಟು ತಿಂಗಳಾಯಿತು. ಉಳಿದದ್ದು ಫೆಬ್ರವರಿ, ಮಾರ್ಚ್, ಏಪ್ರಿಲ್ ಮಾತ್ರ. ಈ ಒಂದು "ನಂತರ" ಎಂಬ ಪದದ ಬೆಲೆ ನಿಮಗೆ 22,000 ರೂಪಾಯಿ. ಟೈಪ್ ಮಾಡಿದವರಿಗಾಗಲಿ ಮಾಲೀಕರಿಗಾಗಲಿ ಇದು ಗೊತ್ತಿರಲಾರದು. ಹತ್ತಾರು ವರ್ಷದಿಂದ ಒಂದೇ ನಮೂನೆ ಒಬ್ಬರಿಂದ ಒಬ್ಬರಿಗೆ ನಕಲಾಗುತ್ತ ಬಂದಿದೆ.

ತಿದ್ದುಪಡಿ ಕಷ್ಟದ್ದಲ್ಲ. "ನೋಟಿಸನ್ನು ಲಾಕ್-ಇನ್ ಅವಧಿಯಲ್ಲಿಯೂ ಕೊಡಬಹುದು, ಆದರೆ ಆ ನೋಟಿಸಿನ ಅವಧಿ ನವೆಂಬರ್ 30ಕ್ಕಿಂತ ಮೊದಲು ಮುಗಿಯತಕ್ಕದ್ದಲ್ಲ" ಎಂದು ಸೇರಿಸಿದರೆ, ಸೆಪ್ಟೆಂಬರ್ 30ರೊಳಗೆ ಪತ್ರ ಕೊಟ್ಟು ನವೆಂಬರ್ 30ಕ್ಕೆ ಬೀಗದ ಕೈ ಒಪ್ಪಿಸಬಹುದು. "ಆರು ತಿಂಗಳು" ಎಂದು ಬಿಡದೆ ದಿನಾಂಕವನ್ನೇ ಬರೆಸಿ.

ಮಂಜುನಾಥ, ಹಾವೇರಿ

ಇದೇ ವಿಷಯಕ್ಕೆ ನನ್ನದೂ ಒಂದು ಪ್ರಶ್ನೆ. ನಮ್ಮ ಮಾವನವರು ಮೂರು ಲಕ್ಷ ಕೊಟ್ಟು ಮೂರು ವರ್ಷಕ್ಕೆ ಮನೆಯನ್ನು ಲೀಜಿಗೆ ಹಾಕಿಕೊಂಡಿದ್ದಾರೆ, ತಿಂಗಳ ಬಾಡಿಗೆ ಇಲ್ಲ. ಅವರಿಗೂ ಎರಡು ತಿಂಗಳ ನೋಟಿಸ್ ಸಾಕೇ? ಹೊಲವನ್ನು ಲಾವಣಿಗೆ ಕೊಟ್ಟಾಗ ಯುಗಾದಿಯಿಂದ ಯುಗಾದಿಗೆ ಲೆಕ್ಕ ಇರುತ್ತದೆ, ಮನೆಗೂ ಹಾಗೆಯೇ ಇರಬೇಕು ಎಂದು ನಾನು ತಿಳಿದಿದ್ದೆ.

ಮಾಳಮಡ್ಡಿ ವಕೀಲರು

ಮಂಜುನಾಥ ಅವರೆ, ಲಾವಣಿಯ ಲೆಕ್ಕವನ್ನು ಹೊಲದಲ್ಲಿಯೇ ಬಿಡಿ. ನಿಮ್ಮ ಮಾವನವರದು ನಮ್ಮಲ್ಲಿ ಭೋಗ್ಯ ಎಂದು ಕರೆಯುವ ವ್ಯವಹಾರ, ಅದೂ ಮೂರು ವರ್ಷದ್ದು. ಅದಕ್ಕೆ ನೋಂದಣಿ ಬೇಕು, ಸ್ಟಾಂಪಿನ ಲೆಕ್ಕವೂ ಬೇರೆ. ಪತ್ರ ನೋಂದಣಿಯಾಗಿದೆಯೋ ಇಲ್ಲವೋ ಮೊದಲು ನೋಡಿ, ಬೇರೆಯಾಗಿ ಕೇಳಿ. ಇಲ್ಲಿ ಬೆರೆಸಿದರೆ ಶೈಲಜಾ ಅವರಿಗೆ ಗೊಂದಲವಾಗುತ್ತದೆ.

ವಿದ್ಯಾನಗರದ ಮನೆಮಾಲೀಕ

ಮಾಲೀಕರ ಕಡೆಯ ಮಾತನ್ನೂ ಯಾರಾದರೂ ಹೇಳಬೇಕಲ್ಲ. ನನ್ನವು ಎರಡು ಮನೆ ಬಾಡಿಗೆಗೆ ಇವೆ. ಲಾಕ್-ಇನ್ ಹಾಕುವುದು ಯಾರನ್ನೂ ಕಟ್ಟಿಹಾಕಲಿಕ್ಕಲ್ಲ. ಹೊಸಬರು ಬರುವ ಮೊದಲು ಬಣ್ಣ ಹೊಡೆಸುತ್ತೇವೆ, ಏಜೆಂಟರಿಗೆ ಕೊಡುತ್ತೇವೆ, ಗೀಸರು, ನಲ್ಲಿ ಎಲ್ಲ ಸರಿ ಮಾಡಿಸುತ್ತೇವೆ. ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ಹುಡುಕುವವರ ಸುಗ್ಗಿ ಇರುವುದು ಮೇ, ಜೂನ್ ತಿಂಗಳಲ್ಲಿ, ಮಕ್ಕಳ ಶಾಲೆ ಕಾಲೇಜು ಶುರುವಾಗುವ ಹೊತ್ತಿಗೆ. ಜೂನಿನಲ್ಲಿ ಬಂದವರು ಸೆಪ್ಟೆಂಬರಿನಲ್ಲಿ ಎದ್ದು ಹೋದರೆ ಆ ಮನೆಗೆ ಮತ್ತೆ ಒಳ್ಳೆಯ ಸಂಸಾರಸ್ಥರು ಸಿಗಲು ತಿಂಗಳುಗಟ್ಟಲೆ ಕಾಯಬೇಕು. ಕಳೆದ ವರ್ಷ ನನ್ನ ಮೇಲಿನ ಮನೆ ಅಕ್ಟೋಬರ್ ಮೊದಲ ವಾರದಿಂದ ಸಂಕ್ರಾಂತಿಯವರೆಗೆ ಖಾಲಿ ಬಿದ್ದಿತ್ತು. ಆ ನಷ್ಟ ಯಾರು ತುಂಬಬೇಕು?

ಆದರೂ ಡಿಪಾಜಿಟ್ ಪೂರ್ತಿ ಇಟ್ಟುಕೊಳ್ಳುವುದು ನನಗೂ ಸರಿ ಕಾಣುವುದಿಲ್ಲ. ಬಾಡಿಗೆದಾರರೇ ತಮ್ಮ ಬದಲಿಗೆ ತಕ್ಕವರನ್ನು ತಂದುಕೊಟ್ಟರೆ ನಾನು ಒಂದು ಪೈಸೆಯೂ ಹಿಡಿಯದೆ ಬಿಟ್ಟಿದ್ದೇನೆ.

ಮಾಳಮಡ್ಡಿ ವಕೀಲರು

ಮಾಲೀಕರು ಹೇಳಿದ ನಷ್ಟ ನಿಜವಾದದ್ದು, ಮತ್ತು ಕಲಂ 5ನ್ನು ಸರಿಯಾಗಿ ಬರೆಯಲು ಅದೇ ಅಳತೆಗೋಲು. ಕರಾರು ಮುರಿದಾಗ ಎಷ್ಟು ಕೊಡಬೇಕೆಂದು ಮೊದಲೇ ಬರೆದಿದ್ದರೂ, 1872ರ ಕರಾರು ಕಾಯ್ದೆಯ 74ನೇ ಕಲಂ ಆ ಮೊತ್ತವನ್ನು ಮೇಲ್ಮಿತಿ ಎಂದು ನೋಡುತ್ತದೆಯೇ ಹೊರತು ಕಣ್ಣುಮುಚ್ಚಿ ಕೊಡಿಸುವುದಿಲ್ಲ. ಅದರೊಳಗೆ ಎಷ್ಟು ಸಮಂಜಸವೋ ಅಷ್ಟೇ ಪರಿಹಾರ. ಶೈಲಜಾ ಅವರಿಗೆ ಆಗಸ್ಟ್ ಕೊನೆಗೆ ಆದೇಶ ಬಂದು ಸೆಪ್ಟೆಂಬರ್ 30ಕ್ಕೆ ಮನೆ ಬಿಟ್ಟರು ಎಂದುಕೊಳ್ಳಿ. ಲಾಕ್-ಇನ್‌ನಲ್ಲಿ ಉಳಿದದ್ದು ಅಕ್ಟೋಬರ್ ಮತ್ತು ನವೆಂಬರ್, ಅಂದರೆ 22,000 ರೂಪಾಯಿ. ಕರಡು ಮುಟ್ಟುಗೋಲು ಹಾಕುವುದು 66,000. ಇದೇ ಕರಡಿಗೆ ಸಹಿ ಹಾಕಿದ ಇನ್ನೊಬ್ಬರು ನವೆಂಬರ್ 25ಕ್ಕೆ ಬಿಟ್ಟು ಹೋದರೂ ಅದೇ 66,000. ಐದು ದಿನದ ತಪ್ಪಿಗೂ ಐದು ತಿಂಗಳ ತಪ್ಪಿಗೂ ಒಂದೇ ದಂಡ ಬರೆದ ಷರತ್ತು ನ್ಯಾಯಾಧೀಶರ ಮುಂದೆ ನಿಲ್ಲುವುದು ಕಷ್ಟ.

ಹೀಗೆಂದು ನಿಶ್ಚಿಂತೆಯಿಂದ ಸಹಿ ಹಾಕಬೇಡಿ. ಡಿಪಾಜಿಟ್ ಹಣ ಇರುವುದು ಮಾಲೀಕರ ಕೈಯಲ್ಲಿ, ದಾವೆ ಹೂಡಬೇಕಾದವರು ನೀವು. 44,000 ರೂಪಾಯಿಗಾಗಿ ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲು ಹತ್ತುವವರು ಕಡಿಮೆ. ಕರಡು ಬರೆಯುವವರಿಗೂ ಅದು ಗೊತ್ತು. ಹೀಗಾಗಿ ಕಲಂ 5ನ್ನು ಈಗಲೇ ಈ ಅರ್ಥ ಬರುವಂತೆ ಬರೆಸಿ: ಲಾಕ್-ಇನ್ ಅವಧಿಯಲ್ಲಿ ಮನೆ ಬಿಟ್ಟರೆ, ನವೆಂಬರ್ 30ರವರೆಗಿನ ಬಾಡಿಗೆ ಅಥವಾ ಹೊಸ ಬಾಡಿಗೆದಾರರು ಬರುವವರೆಗಿನ ಬಾಡಿಗೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಡಿಪಾಜಿಟಿನಿಂದ ಕಳೆಯತಕ್ಕದ್ದು, ಅದರ ಮೇಲೆ ನೋಟಿಸ್ ಅವಧಿಯ ಬಾಡಿಗೆ ಪ್ರತ್ಯೇಕವಾಗಿ ಕೇಳತಕ್ಕದ್ದಲ್ಲ. ಕೊನೆಯ ಮಾತನ್ನು ಬಿಡಬೇಡಿ. ಅದಿಲ್ಲದಿದ್ದರೆ ಲಾಕ್-ಇನ್‌ಗೆ 22,000, ನೋಟಿಸ್ ಕೊಡಲಿಲ್ಲವೆಂದು ಮತ್ತೆ 22,000 ಎಂದು ಒಂದೇ ಎರಡು ತಿಂಗಳಿಗೆ ಎರಡು ಸಲ ಹಣ ಮುರಿಯುತ್ತಾರೆ. ಹೀಗೆ ಬರೆಸಿದರೆ, ಅಕ್ಟೋಬರ್ 15ಕ್ಕೆ ಹೊಸಬರು ಬಂದಾಗ ನಿಮಗೆ ಬೀಳುವುದು ಹದಿನಾಲ್ಕು ದಿನದ ಬಾಡಿಗೆ, ಹೆಚ್ಚುಕಡಿಮೆ 5,000 ರೂಪಾಯಿ.

ಇನ್ನೊಂದು ಮಾತು. ಕರಡಿನಲ್ಲಿ ಲಾಕ್-ಇನ್ ಬಾಡಿಗೆದಾರರಿಗೆ ಮಾತ್ರ. ಮಾಲೀಕರು ಜುಲೈನಲ್ಲಿಯೇ ಒಂದು ತಿಂಗಳ ನೋಟಿಸ್ ಕೊಟ್ಟು ಎಬ್ಬಿಸಬಹುದು. ಲಾಕ್-ಇನ್ ಇಬ್ಬರಿಗೂ ಇರಬೇಕೆಂದು ಕೇಳುವುದು ಅನ್ಯಾಯವಲ್ಲ.

ಬಸವರಾಜ, ಗೋಕುಲ ರಸ್ತೆ

ವಕೀಲ ಸಾಹೇಬರೆ, ಸ್ಟಾಂಪಿನ ವಿಷಯ ನನಗೆ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ಮನೆ ಖಾಲಿ ಬಿದ್ದಿತ್ತು ಎಂದು ಮಾಲೀಕರು ಸಾಬೀತುಪಡಿಸಬೇಕೋ, ಅಥವಾ ಬರೆದಿದೆ ಎಂಬ ಕಾರಣಕ್ಕೇ ಎರಡು ತಿಂಗಳ ಬಾಡಿಗೆ ಸಿಕ್ಕಿಬಿಡುತ್ತದೆಯೋ?

ಮಾಳಮಡ್ಡಿ ವಕೀಲರು

ನಷ್ಟವನ್ನು ಲೆಕ್ಕ ಹಾಕಿ ತೋರಿಸಲು ಸಾಧ್ಯವಿರುವಲ್ಲಿ ತೋರಿಸಿ ಎಂದು ನಾವು ಬಾಡಿಗೆದಾರರ ಪರವಾಗಿ ವಾದಿಸುತ್ತೇವೆ. ಲಾಕ್-ಇನ್ ಎಂದರೆ ಅಷ್ಟು ತಿಂಗಳ ಬಾಡಿಗೆಯ ಒಪ್ಪಿಗೆಯೇ ಎಂದು ಎದುರು ಕಡೆಯವರು ವಾದಿಸುತ್ತಾರೆ. ನಾನು ಎರಡೂ ಕಡೆ ನಿಂತು ವಾದಿಸಿದ್ದೇನೆ. ಒಂದೇ ಉತ್ತರ ಸಿಕ್ಕಿಲ್ಲ. "ಹೊಸಬರು ಬರುವವರೆಗೆ" ಎಂಬ ಮಾತನ್ನು ಕರಾರಿನಲ್ಲಿಯೇ ಸೇರಿಸಿ ಎಂದು ಒತ್ತಾಯಿಸುವುದು ಈ ಕಾರಣಕ್ಕೆ.

ರೇಣುಕಾ, ಗದಗ

ಶೈಲಜಾ ಅಕ್ಕಾವ್ರೆ, ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಿದರೆ ನಿಮಗೆ ಉಪಯೋಗವಾಗಬಹುದು. ನಾವು ಬೆಟಗೇರಿಯಲ್ಲಿ ಒಂದೇ ಮನೆಯಲ್ಲಿ ಎರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಇದ್ದೆವು. ಪ್ರತಿ ಹನ್ನೊಂದು ತಿಂಗಳಿಗೆ ಮಾಲೀಕರು ಹೊಸ ಕಾಗದ ತರುತ್ತಿದ್ದರು, ನಾವು ಓದದೆ ಸಹಿ ಹಾಕುತ್ತಿದ್ದೆವು. ಮೂರನೆಯ ಕಾಗದದ ನಾಲ್ಕನೆಯ ತಿಂಗಳಲ್ಲಿ ಸ್ವಂತ ಮನೆಗೆ ಹೋಗಲು ಹೊರಟಾಗ, ಲಾಕ್-ಇನ್ ಮುಗಿದಿಲ್ಲ ಎಂದರು. ಎರಡು ವರ್ಷ ಇದ್ದವರಿಗೆ ಇನ್ನೆಂಥ ಲಾಕ್-ಇನ್ ಎಂದು ಕೇಳಿದರೆ, ಕಾಗದ ಹೊಸದು, ಲಾಕ್-ಇನ್ ಕೂಡ ಹೊಸದು ಎಂದು ತೋರಿಸಿದರು. ಅಲ್ಲಿ ನಿಜವಾಗಿ ಹಾಗೆಯೇ ಇತ್ತು.

ಅದರ ಮೇಲೆ ಬಣ್ಣಕ್ಕೆಂದು 14,000 ರೂಪಾಯಿ ಮುರಿದರು. ನಾವು ಬಾಡಿಗೆಗೆ ಒಳಗೆ ಹೋಗುವಾಗಲೇ ಆ ಗೋಡೆಗಳು ಹೊಸ ಬಣ್ಣದವಾಗಿರಲಿಲ್ಲ. ಅಡುಗೆಮನೆಯ ಹಿಂಬದಿಯ ಗೋಡೆ ಮಳೆಗಾಲದಲ್ಲಿ ತೇವ ಹಿಡಿದು, ಕೈಯಿಟ್ಟರೆ ಸುಣ್ಣ ಉದುರುತ್ತಿತ್ತು. ಅದಕ್ಕೂ ನಾವೇ ಹಣ ಕೊಟ್ಟಂತಾಯಿತು. ನನ್ನ ಸಲಹೆ ಇಷ್ಟೇ: ಕೊನೆಯ ಎರಡು ಮೂರು ತಿಂಗಳು ಬಾಡಿಗೆ ಕೊಡಬೇಡಿ, ಡಿಪಾಜಿಟಿನಲ್ಲಿ ಮುರಿದುಕೊಳ್ಳಿ ಎನ್ನಿ. ಕೈಯಿಂದ ಹೋದ ಹಣ ತಿರುಗಿ ಬರುವುದಿಲ್ಲ.

ವಿದ್ಯಾನಗರದ ಮನೆಮಾಲೀಕ

ರೇಣುಕಾ ಅವರೆ, ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಈ ಸಲಹೆಯನ್ನು ಎಲ್ಲರೂ ಪಾಲಿಸತೊಡಗಿದ್ದರಿಂದಲೇ ನಾವು ಡಿಪಾಜಿಟ್ ಮೊತ್ತವನ್ನು ಏರಿಸಿದ್ದು. ಬಾಡಿಗೆ ನಿಲ್ಲಿಸಿ ಡಿಪಾಜಿಟ್ ತಿಂದು ಮುಗಿಸಿದವರು ಒಡೆದ ಸಿಂಕು ಬಿಟ್ಟು ಹೋದರೆ ನಾವು ಯಾರನ್ನು ಕೇಳಬೇಕು?

ಮಾಳಮಡ್ಡಿ ವಕೀಲರು

ಕರಾರಿನಲ್ಲಿ ಅವಕಾಶವಿಲ್ಲದೆ ಬಾಡಿಗೆ ನಿಲ್ಲಿಸಿದರೆ ಬಾಕಿದಾರರಾಗುವವರು ನೀವು. ಮುಂದೆ ಡಿಪಾಜಿಟ್ ಕೇಳುವಾಗ ಎದುರು ಕಡೆಯವರ ಕೈಗೆ ನೀವೇ ಕೋಲು ಕೊಟ್ಟಂತೆ. ಮಾಲೀಕರು ಬರೆದು ಒಪ್ಪಿದರೆ ಮಾತ್ರ ಹಾಗೆ ಮಾಡಿ. ರೇಣುಕಾ ಅವರು ಹೇಳಿದ ಲಾಕ್-ಇನ್ ವಿಷಯ ಬಹಳ ಮುಖ್ಯ: "ಕರಾರು ನವೀಕರಿಸಿದಲ್ಲಿ ಲಾಕ್-ಇನ್ ಮತ್ತೆ ಅನ್ವಯಿಸುವುದಿಲ್ಲ" ಎಂಬ ಒಂದು ಸಾಲನ್ನು ಮೊದಲ ಕಾಗದದಲ್ಲಿಯೂ ಮುಂದಿನ ಪ್ರತಿ ಕಾಗದದಲ್ಲಿಯೂ ಬರೆಸಬೇಕು. ಏಪ್ರಿಲ್ 30 ದಾಟಿದ ಮೇಲೆ ಹೊಸ ಕಾಗದವನ್ನೇ ಮಾಡದೆ ಬಾಡಿಗೆ ಕೊಡುತ್ತ, ಅವರು ಪಡೆಯುತ್ತ ಹೋದರೆ, ಸಾಮಾನ್ಯವಾಗಿ ಅದು ತಿಂಗಳಿಂದ ತಿಂಗಳ ಬಾಡಿಗೆಯಾಗುತ್ತದೆ. ಬಸವರಾಜ ಅವರ ಹದಿನೈದು ದಿನದ ನೋಟಿಸ್ ಕೆಲಸಕ್ಕೆ ಬರುವುದು ಆಗ. ಆದರೆ ನೆನಪಿರಲಿ, ಮಾಲೀಕರು ನಿಮಗೆ ಕೊಡಬೇಕಾದದ್ದೂ ಹದಿನೈದೇ ದಿನ.

ರಿಪೇರಿಯ ಕಲಂ 8ಕ್ಕೆ ಬರೋಣ. ದೊಡ್ಡ ರಿಪೇರಿಗಳು ತಾನಾಗಿಯೇ ಮಾಲೀಕರ ಪಾಲಿಗೆ ಬರುತ್ತವೆ ಎಂದು ಬಹುತೇಕರು ನಂಬಿದ್ದಾರೆ. ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಓದಿದರೆ ಅಂಥ ಸಾಮಾನ್ಯ ಹೊಣೆಯನ್ನು ಅದು ಮಾಲೀಕರ ಮೇಲೆ ಹೊರಿಸಿಲ್ಲ. ಅದು ಹೇಳುವುದು, ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಸಕಾಲದಲ್ಲಿ ಮಾಡಿಸದಿದ್ದರೆ ಬಾಡಿಗೆದಾರರು ತಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಕಳೆಯಬಹುದು ಎಂದು. "ಮಾಡಿಸಲೇಬೇಕಾದ" ರಿಪೇರಿ ಯಾವುದು? ಅದನ್ನು ಕರಾರೇ ಹೇಳಬೇಕು. ನಿಮ್ಮ ಕರಾರು "ಸಣ್ಣಪುಟ್ಟ" ಎಂದು ಹೇಳಿ ಸುಮ್ಮನಾಗಿದೆ, ದೊಡ್ಡದರ ಮಾತೇ ಇಲ್ಲ. ಗೋಡೆ ಸೋರಿದರೆ ನೀವು ಯಾವ ಸಾಲನ್ನು ತೋರಿಸುತ್ತೀರಿ?

ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆಯ ಅನುಸೂಚಿಯಲ್ಲಿ ಒಂದು ಹಂಚಿಕೆ ಇದೆ. ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಳ್ಳದೆ ಯಾರನ್ನೂ ಬಂಧಿಸುವುದಿಲ್ಲ. ಆದರೆ ಕರಾರಿಗೆ ಎತ್ತಿಕೊಳ್ಳಲು ಅಡ್ಡಿಯಿಲ್ಲ. ಕಟ್ಟಡದ ರಿಪೇರಿ, ಗೋಡೆಗೆ ಸುಣ್ಣಬಣ್ಣ, ಪೈಪು ಬದಲಿಸುವುದು, ಒಳಹೊರಗಿನ ವೈರಿಂಗು ಮಾಲೀಕರಿಗೆ. ನಲ್ಲಿಯ ವಾಷರು, ಚರಂಡಿ ಸ್ವಚ್ಛತೆ, ಸ್ವಿಚ್ಚು, ಸಾಕೆಟ್ಟು, ಕಿಟಕಿಯ ಗಾಜು ಬಾಡಿಗೆದಾರರಿಗೆ. ಬಣ್ಣ ಮಾಲೀಕರ ಪಾಲಿನಲ್ಲಿರುವುದನ್ನು ಗಮನಿಸಿ.

ವಿದ್ಯಾನಗರದ ಮನೆಮಾಲೀಕ

ಅಷ್ಟುದ್ದ ಪಟ್ಟಿ ಯಾಕೆ? ನಾನು 500 ರೂಪಾಯಿ ಒಳಗಿನದು ಅವರದು, ಮೇಲಿನದು ನನ್ನದು ಎಂದು ಬರೆಸುತ್ತೇನೆ. ಜಗಳವೇ ಇಲ್ಲ.

ರೇಣುಕಾ, ಗದಗ

ಜಗಳ ಬರುವುದು ಮೋಟಾರಿನಲ್ಲಿ. ನಲ್ಲಿ ನೀರು ಎಷ್ಟೋ ದಿನಕ್ಕೊಮ್ಮೆ ಬರುವ ಊರಿನಲ್ಲಿ ಸಂಪು, ಮೋಟಾರು ಇಲ್ಲದೆ ದಿನ ಕಳೆಯುವುದಿಲ್ಲ. ನಮ್ಮ ಮೋಟಾರು ಕೆಟ್ಟಾಗ 2,800 ರೂಪಾಯಿ ಆಯಿತು. ನೀವು ಸಂಪು ಬರಿದಾದರೂ ಓಡಿಸಿದ್ದೀರಿ ಎಂದು ಮಾಲೀಕರು, ಅದು ಹಳೆಯ ಮೋಟಾರು ಎಂದು ನಾವು. ಕೊನೆಗೆ ಅರ್ಧ ಅರ್ಧ ಮಾಡಿದೆವು. 500 ರೂಪಾಯಿಯ ಗೆರೆ ಅಲ್ಲಿ ಏನು ಮಾಡುತ್ತಿತ್ತು?

ಮಾಳಮಡ್ಡಿ ವಕೀಲರು

ಮೊತ್ತದ ಗೆರೆ ಚಿಲ್ಲರೆ ಕೆಲಸಕ್ಕೆ ಒಳ್ಳೆಯದೇ. ಆದರೆ ಮೋಟಾರಿನಂಥದ್ದಕ್ಕೆ ಮೊತ್ತಕ್ಕಿಂತ ಕಾರಣ ಮುಖ್ಯ. ನೀರಿಲ್ಲದೆ ಓಡಿಸಿ ಸೀಲ್ ಸುಟ್ಟಿದ್ದರೆ ಓಡಿಸಿದವರ ತಪ್ಪು. ವರ್ಷಗಳ ಬಳಕೆಯಿಂದ ಬೇರಿಂಗ್ ಸವೆದಿದ್ದರೆ ಅದು ಮಾಲೀಕರ ಆಸ್ತಿಯ ಸವಕಳಿ. ಬಿಚ್ಚಿ ನೋಡಿದ ಮೆಕ್ಯಾನಿಕ್‌ಗೆ ಇದು ಕಾಣುತ್ತದೆ. ಹಾಗಾಗಿ ಕೆಟ್ಟ ಕಾರಣವನ್ನು ಬಿಲ್ಲಿನ ಮೇಲೆಯೇ ಒಂದು ಸಾಲು ಬರೆಸಿಕೊಳ್ಳಿ, ಬಿಚ್ಚುವಾಗ ಇಬ್ಬರಲ್ಲೊಬ್ಬರು ಎದುರಿಗೆ ಇರಿ. ಕಲಮಿನಲ್ಲಿ ಬರೆಸಬೇಕಾದದ್ದು: ಸಹಜ ಸವಕಳಿಯಿಂದ ಕೆಟ್ಟದ್ದು ಮಾಲೀಕರಿಗೆ, ಬಳಸುವವರ ತಪ್ಪಿನಿಂದ ಕೆಟ್ಟದ್ದು ಬಾಡಿಗೆದಾರರಿಗೆ, ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಸಹಿತ ತಿಳಿಸಿದ ಏಳು ದಿನದೊಳಗೆ, ನೀರು ಮತ್ತು ವಿದ್ಯುತ್ತಿನದ್ದಾದರೆ ಎರಡು ದಿನದೊಳಗೆ ಮಾಲೀಕರು ಮಾಡಿಸದಿದ್ದರೆ, ಬಾಡಿಗೆದಾರರು ಮಾಡಿಸಿ ಬಿಲ್ಲು ತೋರಿಸಿ ಮುಂದಿನ ಬಾಡಿಗೆಯಲ್ಲಿ ಕಳೆಯಬಹುದು. ಕಳೆಯುವುದಕ್ಕೂ ಒಂದು ತಿಂಗಳಿಗೆ ಇಷ್ಟು ಎಂಬ ಮಿತಿ ಇದ್ದರೆ ಮಾಲೀಕರು ಬೇಗ ಒಪ್ಪುತ್ತಾರೆ.

ಡಿಪಾಜಿಟ್. ಕಲಂ 9ರಲ್ಲಿ ಎರಡು ಕೊರತೆ. ಹಣ ಯಾವಾಗ ಕೊಡಬೇಕೆಂದಿಲ್ಲ, "ಬಣ್ಣ" ಮತ್ತು "ಇತರ" ಎಷ್ಟೆಂದಿಲ್ಲ. ಶೈಲಜಾ ಅವರು ನವೆಂಬರ್ 30ಕ್ಕೆ ಬೀಗದ ಕೈ ಕೊಡುವಾಗ ಒಂದು ಕಿಟಕಿಯ ಗಾಜು 650 ರೂಪಾಯಿ, ವಿದ್ಯುತ್ ಬಾಕಿ 480 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಮರಳಬೇಕಾದದ್ದು 64,870. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಎಂಬ ರೂಢಿಯನ್ನು ಸೇರಿಸಿದರೆ ಅದು 53,870ಕ್ಕೆ ಇಳಿಯುತ್ತದೆ. ಆರು ತಿಂಗಳಲ್ಲಿ ಗೋಡೆ ಎಷ್ಟು ಮಾಸಬಲ್ಲದು? ಸಹಜ ಬಳಕೆಯ ಸವಕಳಿಯನ್ನು ಅದೇ 108ನೇ ಕಲಂ ಬಾಡಿಗೆದಾರರ ಹೊಣೆಯಿಂದ ಹೊರಗಿಟ್ಟಿದೆ, ಆದರೆ ಬಣ್ಣಕ್ಕೆ ಇಷ್ಟು ಎಂದು ನೀವೇ ಬರೆದುಕೊಟ್ಟರೆ ಆ ಮಾತು ನಡೆಯುವುದಿಲ್ಲ. ಆದ್ದರಿಂದ "ಮೊಳೆ, ಕಲೆ ಮುಂತಾದ ಹಾನಿ ಇದ್ದರೆ ಅಷ್ಟು ಭಾಗಕ್ಕೆ, ಬಿಲ್ಲಿನ ಪ್ರಕಾರ" ಎಂದು ತಿದ್ದಿಸಿ. ಹಣ ಮರಳಿಸುವ ದಿನ ಬೀಗದ ಕೈ ಕೊಡುವ ದಿನವೇ ಆಗಿರಲಿ. ಕೊನೆಯ ಬಿಲ್ಲಿಗಾಗಿ 2,000 ರೂಪಾಯಿ ಹಿಡಿದು ಹದಿನೈದು ದಿನದಲ್ಲಿ ತೀರಿಸಲಿ.

ಒಳಗೆ ಹೋಗುವ ದಿನ ಹೆಸ್ಕಾಂ ಮೀಟರಿನ ರೀಡಿಂಗ್, ಪ್ರತಿ ಕೋಣೆಯ ನಾಲ್ಕು ಗೋಡೆ, ನಲ್ಲಿ, ಗೀಸರು ಎಲ್ಲದರ ಫೋಟೋ ತೆಗೆದು ಅಂದೇ ಮಾಲೀಕರಿಗೆ ಕಳುಹಿಸಿ. ಈಗಾಗಲೇ ಇರುವ ತೇವದ ಕಲೆಯ ಫೋಟೋವನ್ನು ಮರೆಯಬೇಡಿ; ರೇಣುಕಾ ಅವರ 14,000 ಉಳಿಯಬಹುದಾಗಿದ್ದು ಅಲ್ಲಿಯೇ. ಡಿಪಾಜಿಟ್ ನಗದಾಗಿ ಕೊಡದೆ ಬ್ಯಾಂಕಿನ ಮೂಲಕ ಕೊಟ್ಟು, ವ್ಯವಹಾರದ ಸಂಖ್ಯೆಯನ್ನು ಕರಾರಿನಲ್ಲಿ ಬರೆಸಿ. ಗೃಹಜ್ಯೋತಿಗೆ ಆ ಮನೆಯ ಆರ್‌ಆರ್ ನಂಬರಿಗೆ ನಿಮ್ಮ ಆಧಾರ್ ಜೋಡಿಸಿದ್ದರೆ ಬಿಡುವಾಗ ತೆಗೆಸಿ. ಇಲ್ಲದಿದ್ದರೆ ಮುಂದಿನ ಮನೆಯಲ್ಲಿ ತೊಡಕು.

ಶೈಲಜಾ, ಧಾರವಾಡ

ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಮಾಲೀಕರ ಮನೆಗೆ ಹೋಗಿ ಚಹಾ ಕುಡಿಯುತ್ತ ಮಾತಾಡಿದೆವು. ಡಿಸೆಂಬರ್ 1, ಜನವರಿ 31 ಎಂದು ಹಾಳೆಯ ಮೇಲೆ ಬರೆದು ತೋರಿಸಿದಾಗ ಅವರಿಗೇ ಆಶ್ಚರ್ಯ. "ಅಯ್ಯ, ಇದು ನನಗೂ ಗೊತ್ತಿದ್ದಿಲ್ರಿ, ಅವ ಟೈಪ್ ಮಾಡಿದ್ದಕ್ಕ ನಾ ಸಹಿ ಹಾಕ್ತೀನಿ ಅಷ್ಟ" ಎಂದರು. ಕಲಂ 5 ಮತ್ತು 6 ವಕೀಲರು ಹೇಳಿದಂತೆಯೇ ಬದಲಾಯಿತು. ಮೋಟಾರು, ಪೈಪು, ಸೋರಿಕೆ ಅವರದು ಎಂದು ಒಪ್ಪಿದರು.

ಎರಡು ವಿಷಯದಲ್ಲಿ ಒಪ್ಪಲಿಲ್ಲ. ತಮಗೆ ಲಾಕ್-ಇನ್ ಬೇಡ ಎಂದರು. "ಬೆಂಗಳೂರಿನ ಮಗ ವಾಪಸ್ ಬಂದ್ರ ನಮಗ ಮನಿ ಬೇಕಾಗ್ತದ್ರಿ" ಎಂಬುದು ಅವರ ಕಾರಣ. ಅವರ ನೋಟಿಸನ್ನು ಒಂದರಿಂದ ಎರಡು ತಿಂಗಳಿಗೆ ಏರಿಸಿಕೊಂಡು ಸುಮ್ಮನಾದೆವು. ಬಣ್ಣದ ವಿಷಯದಲ್ಲಿ ಒಂದು ತಿಂಗಳ ಬಾಡಿಗೆಯಿಂದ ಇಳಿದು ಅರ್ಧ ತಿಂಗಳಿಗೆ ನಿಂತಿದ್ದಾರೆ, ಆರು ತಿಂಗಳಿಗೇ ಬಿಟ್ಟರೂ 5,500 ರೂಪಾಯಿ. ಅದನ್ನು ಒಪ್ಪಬೇಕೋ ಬೇಡವೋ ಎಂದು ಮನೆಯಲ್ಲಿ ಇನ್ನೂ ಚರ್ಚೆ ನಡೆದಿದೆ. ತಿದ್ದಿದ ಕಲಂ 6 ಹೀಗಿದೆ, ಸರಿಯಿದೆಯೇ ನೋಡಿ: "ಎರಡೂ ಪಕ್ಷದವರು ಎರಡು ತಿಂಗಳ ನೋಟಿಸ್ ಕೊಡತಕ್ಕದ್ದು. ಬಾಡಿಗೆದಾರರು ನೋಟಿಸನ್ನು ಲಾಕ್-ಇನ್ ಅವಧಿಯಲ್ಲಿಯೂ ಕೊಡಬಹುದು. ಆದರೆ ಅದು ನವೆಂಬರ್ 31ಕ್ಕಿಂತ ಮೊದಲು ಮುಗಿಯತಕ್ಕದ್ದಲ್ಲ."

ವಿದ್ಯಾನಗರದ ಮನೆಮಾಲೀಕ

5,500 ಕೊಟ್ಟುಬಿಡಿ ಮೇಡಂ, ಇಂದಿನ ದಿನದಲ್ಲಿ ಪೇಂಟರ್ ಕೂಲಿಗೇ ಸಾಲುವುದಿಲ್ಲ.

ರೇಣುಕಾ, ಗದಗ

ಕೊಡಬೇಡಿ. ಹನ್ನೊಂದು ತಿಂಗಳು ತುಂಬಿದರೆ ಕೊಡುತ್ತೇವೆ, ಅದಕ್ಕೂ ಮೊದಲು ಬಿಟ್ಟರೆ ಇಲ್ಲ ಎಂದು ಹೇಳಿ ನೋಡಿ.

ಮಾಳಮಡ್ಡಿ ವಕೀಲರು

ಬಣ್ಣದ ಹಣ ನಿಮ್ಮಿಬ್ಬರ ಚೌಕಾಸಿಗೆ ಬಿಟ್ಟದ್ದು. ಆದರೆ ನವೆಂಬರಿಗೆ 31ನೇ ತಾರೀಖು ಇಲ್ಲ. ಟೈಪ್ ಮಾಡಿದವರ ಬಳಿ ಇನ್ನೊಮ್ಮೆ ಹೋಗಿ 30 ಎಂದು ತಿದ್ದಿಸಿ. ಇ-ಸ್ಟಾಂಪಿನ ಮೇಲೆ ಆಗಲೇ ಮುದ್ರಿಸಿಬಿಟ್ಟಿದ್ದರೆ ಆ ಅಂಕಿಯನ್ನು ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಇಬ್ಬರೂ ಅಲ್ಲಿ ಸಣ್ಣ ಸಹಿ ಹಾಕಿ.